ಹೋಮಕ್ಕೆ ಹತ್ತಿ, ಊಟಕ್ಕೆ ರೇಷ್ಮೆ: ಗೃಹಪ್ರವೇಶಕ್ಕೆ ಪಂಚೆ ಉಡುವವರಿಗೆ

ಪಂಚೆ ಜಾರುತ್ತದೆ ಅನ್ನುವ ಭಯ ಈಗಿನ ಹುಡುಗರಿಗೆ ಜಾಸ್ತಿ. ಕಟ್ಟಲು ಬರುವುದಿಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಅರ್ಧ ತಪ್ಪು ಬಟ್ಟೆಯದು. ಅಂಗಡಿಯಲ್ಲಿ ಫಳಫಳ ಹೊಳೆಯುವ ಆರ್ಟ್ ಸಿಲ್ಕ್ ಪಂಚೆ, ಅದಕ್ಕೊಪ್ಪುವ ಜುಬ್ಬಾ, ಶಲ್ಯ ಎಲ್ಲ ಸೇರಿಸಿ ಒಂದು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ನೋಡಲು ಚೆಂದ. ಆದರೆ ಆ ಬಟ್ಟೆ ನುಣುಪು. ಸೊಂಟದಲ್ಲಿ ಎಷ್ಟು ಬಿಗಿಯಾಗಿ ಸುತ್ತಿದರೂ ಪದರದ ಮೇಲೆ ಪದರ ನಿಲ್ಲುವುದಿಲ್ಲ, ಹತ್ತು ಸಲ ಎದ್ದು ಕೂತರೆ ಸಡಿಲ ಆಗಿಯೇ ಆಗುತ್ತದೆ. ಗೃಹಪ್ರವೇಶ ಅಂದರೆ ಎದ್ದು ಕೂರುವುದೇ ಕೆಲಸ ಅಲ್ವಾ!

ಹೋದ ಶ್ರಾವಣದಲ್ಲಿ ಮೈಸೂರಿನಲ್ಲಿ ನನ್ನ ತಂಗಿ ಮಗನ ಮನೆ ಗೃಹಪ್ರವೇಶ. ಹಿಂದಿನ ದಿನ ಸಂಜೆ ಅಂಥದೇ ಒಂದು ಡಬ್ಬಿ ಹಿಡಿದುಕೊಂಡು ಬಂದ. "ಮಾವ, ಬೆಳಗ್ಗೆ ಐದಕ್ಕೆ ಹೋಮ. ಇದನ್ನ ಹೆಂಗೆ ಉಡೋದು, ಒಂದ್ಸಲ ತೋರಿಸಿಬಿಡಿ" ಅಂದ. "ಇದನ್ನ ಹೋಮಕ್ಕೆ ಉಡಬೇಡ ಕಣೋ, ಊಟದ ಹೊತ್ತಿಗೆ ಇಟ್ಕೋ" ಅಂದೆ. ಮುಖ ಸಪ್ಪೆ ಮಾಡಿಕೊಂಡ. ಕಾರಣ ಹೇಳಿದ ಮೇಲೆ ಒಪ್ಪಿದ.

ಕಾರಣ ಬೆಂಕಿ. ಹೋಮಕುಂಡದ ಮುಂದೆ ಒಂದು ಒಂದೂವರೆ ಗಂಟೆ ಕೂರಬೇಕು. ತುಪ್ಪ ಹಾಕಿದಾಗಲೆಲ್ಲ ಜ್ವಾಲೆ ಏಳುತ್ತದೆ, ಸಮಿತ್ತಿನಿಂದ ಕಿಡಿ ಸಿಡಿಯುತ್ತದೆ. ಹತ್ತಿ ಬಟ್ಟೆಗೂ ಬೆಂಕಿ ತಗಲುತ್ತದೆ, ಇಲ್ಲ ಅನ್ನುವುದಿಲ್ಲ. ಸಣ್ಣ ಕಿಡಿ ಬಿದ್ದರೆ ಹೆಚ್ಚಿನ ಸಲ ಒಂದು ತೂತು ಬಿದ್ದು, ಕೈಯಲ್ಲಿ ಕೊಡವಿದರೆ ಮುಗಿಯುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಸಿಲ್ಕ್ ಅಂತ ಕೊಂಡ ಜುಬ್ಬಾದಲ್ಲಿ ನಿಜಕ್ಕೂ ಏನಿದೆ ಅಂತ ನೋಡಬೇಕಾದರೆ ಒಳಹೊಲಿಗೆಯ ಹತ್ತಿರ ಬಟ್ಟೆಯದೇ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಹೊಲಿದ ದಾರ ಕೀಳಬೇಡಿ, ಅದು ಬೇರೆ ದಾರ ಇರುತ್ತದೆ. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಪ್ಲಾಸ್ಟಿಕ್ ವಾಸನೆ ಬರುತ್ತದೆ, ತುದಿಯಲ್ಲಿ ಗಟ್ಟಿ ಮಣಿಯಂತೆ ಕೂರುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ಅದು ರೇಯಾನ್. ತಂಗಿ ಮಗನ ಜುಬ್ಬಾದಲ್ಲಿ ಮಣಿ ಕೂತಿತು. ಅಲ್ಲಿಗೆ ವಾದ ಮುಗಿಯಿತು.

ಮನೆಯಲ್ಲಿದ್ದ ಎಂಟು ಮೊಳದ ಹತ್ತಿ ಪಂಚೆ ತೆಗೆದೆ. ಹೊಸದೇ ಆದರೂ ಒಮ್ಮೆ ನೀರು ಕಂಡಿತ್ತು. ಇದು ಮುಖ್ಯ. ಅಂಗಡಿಯಿಂದ ಬಂದ ಪಂಚೆಗೆ ಗಂಜಿ ಜಾಸ್ತಿ ಇರುತ್ತದೆ. ರಟ್ಟಿನ ಹಾಗೆ ನಿಲ್ಲುತ್ತದೆ, ಕೂತಾಗ ಮಂಡಿಯ ಹತ್ತಿರ ಎದ್ದು ಬಾಯಿ ಬಿಡುತ್ತದೆ, ಸೊಂಟದ ಸುರುಳಿಯೂ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಎರಡು ದಿನ ಮುಂಚೆ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ನೆರಳಲ್ಲಿ ಹರವಿ. ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿ. ಜರಿ ಅಂಚಿನ ಮೇಲೆ ಕಾದ ಪೆಟ್ಟಿಗೆ ನೇರವಾಗಿ ಇಡಬೇಡಿ, ಹಿಂಬದಿಯಿಂದ ತೆಳು ಬಟ್ಟೆ ಹಾಕಿ ಒತ್ತಿ.

ಈಗ ಅಳತೆ. ಒಂದು ಮೊಳ ಅಂದರೆ 18 ಇಂಚು. ಎಂಟು ಮೊಳ ಹನ್ನೆರಡು ಅಡಿ. ಅದನ್ನು ನಡುವೆ ಮಡಚಿ ಎರಡು ಪದರ ಮಾಡಿದರೆ ಆರು ಅಡಿ, ಅಂದರೆ 72 ಇಂಚು. ತಂಗಿ ಮಗನಿಗೆ ಸೊಂಟ 40, ಪಿರ್ರೆಯ ಸುತ್ತಳತೆ 42. ಪಂಚೆಗೆ ನೋಡಬೇಕಾದ್ದು ಈ ಎರಡನೆಯ ಅಳತೆ, ಪ್ಯಾಂಟಿನ ಸೈಜ್ ಅಲ್ಲ. 72ರಲ್ಲಿ 42 ಕಳೆದರೆ 30 ಇಂಚು ಮುಂದೆ ಒಂದರ ಮೇಲೊಂದು ಬರುತ್ತದೆ. ಮೂರು ಗೇಣಿಗಿಂತ ಜಾಸ್ತಿ, ಧಾರಾಳ ಆಯಿತು. ಎರಡೂವರೆ ಗೇಣಿಗಿಂತ ಕಮ್ಮಿ ಬಂದರೆ ಮೆಟ್ಟಿಲು ಹತ್ತುವಾಗ ಕಾಲು ಕಾಣುತ್ತದೆ. ಮೈ ದಪ್ಪ ಇರುವವರು ಒಂಬತ್ತು ಇಲ್ಲವೇ ಹತ್ತು ಮೊಳದ್ದು ಕೇಳಿ ತನ್ನಿ. ಕಚ್ಚೆ ಹಾಕಿಯೇ ಕೂರಬೇಕು ಅಂತ ಪುರೋಹಿತರು ಹೇಳುವ ಮನೆಗಳಲ್ಲೂ ಆ ಉದ್ದ ಬೇಕಾಗುತ್ತದೆ. ಕಚ್ಚೆ ಮಾತ್ರ ಓದಿ ಕಲಿಯುವುದಲ್ಲ, ಉಡಿಸಲು ಯಾರನ್ನಾದರೂ ಕರೆಯಿರಿ. ನಾನು ಇಲ್ಲಿ ಹೇಳುತ್ತಿರುವುದು ಅಡ್ಡಪಂಚೆ.

ಮೊದಲು ಒಳಗೆ ಜೇಬಿರುವ ಚಡ್ಡಿ ಹಾಕಿಕೊಳ್ಳಿ. ಮೊಬೈಲು, ಕೀಲಿ ಅದರಲ್ಲಿರಲಿ, ಪಂಚೆಯ ಸುರುಳಿಯಲ್ಲಿ ಬೇಡ. ಕಾಲನ್ನು ಒಂದು ಗೇಣು ಅಗಲಿಸಿ ನಿಲ್ಲಿ. ಕಾಲು ಜೋಡಿಸಿ ನಿಂತು ಕಟ್ಟಿದರೆ ಹೆಜ್ಜೆ ಇಡಲು ಆಗುವುದಿಲ್ಲ. ಮಡಚಿದ ಪಂಚೆಯನ್ನು ಬೆನ್ನ ಹಿಂದಿನಿಂದ ತಂದು ಎರಡೂ ತುದಿ ಎರಡು ಕೈಯಲ್ಲಿ ಹಿಡಿಯಿರಿ. ಬಿಡಿ ಪದರಗಳ ತುದಿ ಬಲಗೈಯಲ್ಲಿ, ಮಡಿಕೆಯ ತುದಿ ಎಡಗೈಯಲ್ಲಿ ಇರಲಿ. ಕೆಳಗಿನ ಅಂಚು ಪಾದದ ಮೇಲ್ಭಾಗಕ್ಕೆ ಮುಟ್ಟುವಷ್ಟು ಇಟ್ಟುಕೊಂಡು, ಮೇಲೆ ಉಳಿದದ್ದನ್ನು ಹೊರಕ್ಕೆ ಮಡಚಿ. ಬಲಗೈ ತುದಿಯನ್ನು ಎಡ ಸೊಂಟಕ್ಕೆ ಎಳೆದು ಒಳಗೆ ಸಿಕ್ಕಿಸಿ. ಅದರ ಮೇಲೆ ಎಡಗೈ ತುದಿಯನ್ನು ಬಲ ಸೊಂಟಕ್ಕೆ ತನ್ನಿ. ಹೊಟ್ಟೆ ಸ್ವಲ್ಪ ಒಳಗೆಳೆದುಕೊಂಡು ಬಿಗಿಯಾಗಿ ಸಿಕ್ಕಿಸಿ. ಮೇಲಿನ ತುದಿ ಬಲಗಡೆ ಬೀಳುವುದು ನಮ್ಮ ಮನೆಗಳ ರೂಢಿ. ಜರಿ ಪಟ್ಟೆ ಕಾಣಲಿ ಅಂತ ಕೆಲವರು ಬಿಡಿ ತುದಿಯನ್ನೇ ಹೊರಗೆ ಇಡುತ್ತಾರೆ. ಚೆಂದವೇ. ಆದರೆ ಓಡಾಡುವಾಗ ಒಳಪದರ ಇಣುಕುತ್ತದೆ. ಕೆಲಸದ ದಿನಕ್ಕೆ ಮಡಿಕೆ ಹೊರಗಿದ್ದರೇ ವಾಸಿ.

ನಮ್ಮ ಕಾಲದಲ್ಲಿ ಉಡಿದಾರ ಇರುತ್ತಿತ್ತು. ಪಂಚೆಯ ತುದಿಯನ್ನು ಅದರೊಳಗೆ ತೂರಿಸಿಬಿಟ್ಟರೆ ಸಂಜೆವರೆಗೂ ಚಿಂತೆ ಇಲ್ಲ. ಈಗ ಕಟ್ಟುವವರು ಕಮ್ಮಿ. ಅದರ ಬದಲು ಪೈಜಾಮದ ಲಾಡಿ ತೊಗೊಳ್ಳಿ. ಪಂಚೆ ಸಿಕ್ಕಿಸಿದ ಮೇಲೆ ಅದರ ಮೇಲೆಯೇ ಸೊಂಟದ ಸುತ್ತ ಕಟ್ಟಿ, ಜಾರುಗಂಟು ಪಕ್ಕಕ್ಕೆ ಇರಲಿ. ಆಮೇಲೆ ಪಂಚೆಯ ಮೇಲಂಚನ್ನು ಲಾಡಿಯ ಮೇಲೆ ಹೊರಕ್ಕೆ ಎರಡು ಸುತ್ತು ಸುರುಳಿ ಮಾಡಿ. ಲಾಡಿ ಮುಚ್ಚಿಹೋಗುತ್ತದೆ, ಸುರುಳಿ ಅದನ್ನು ಕಚ್ಚಿಕೊಂಡು ನಿಲ್ಲುತ್ತದೆ. ಚರ್ಮದ ಬೆಲ್ಟ್ ಬೇಡ. ಪೂಜೆಗೆ ಕೂರುವಾಗ ಹೇಗೂ ಬಿಚ್ಚಿಸುತ್ತಾರೆ. ಅಂಟುಪಟ್ಟಿ ಇರುವ ರೆಡಿಮೇಡ್ ಪಂಚೆ ನೆಂಟರಾಗಿ ಹೋಗುವವರಿಗೆ ಪರವಾಗಿಲ್ಲ. ಆದರೆ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಹೊಟ್ಟೆಯ ಒತ್ತಡಕ್ಕೆ ಪಟ್ಟಿ ಪರ್ ಅಂತ ಬಿಡುತ್ತದೆ.

ಉಟ್ಟ ಮೇಲೆ ಪರೀಕ್ಷೆ ಮಾಡಲೇಬೇಕು. ಒಮ್ಮೆ ಪೂರ್ತಿ ನೆಲಕ್ಕೆ ಕೂತು ಏಳಿ. ಎರಡೂ ಕೈ ತಲೆ ಮೇಲೆ ಎತ್ತಿ. ನಾಲ್ಕು ಮೆಟ್ಟಿಲು ಹತ್ತಿ ಇಳಿಯಿರಿ. ಸುರುಳಿ ಎರಡು ಬೆರಳಿನಷ್ಟು ಕೆಳಗೆ ಬಂದಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಮೇಲಿನಿಂದ ಎಳೆದು ಸರಿಮಾಡಿದರೆ ಹತ್ತು ನಿಮಿಷದಲ್ಲಿ ಮತ್ತೆ ಅದೇ ಗತಿ.

ಇನ್ನು ಮೇಲಿನ ಬಟ್ಟೆ. ಹೋಮಕ್ಕೆ ಕೂರುವ ಯಜಮಾನನಿಗೆ ಗುಂಡಿ ಬಿಚ್ಚುವ ಹತ್ತಿ ಶರ್ಟೇ ಸರಿ, ತೋಳು ಅರ್ಧದ್ದು. ಹಲವು ಮನೆಗಳಲ್ಲಿ ಸಂಕಲ್ಪದ ಹೊತ್ತಿಗೆ ಶರ್ಟ್ ತೆಗೆದು ಶಲ್ಯ ಹೊದೆಯಲು ಹೇಳುತ್ತಾರೆ. ತಲೆಯಿಂದ ಎಳೆಯುವ ಜುಬ್ಬಾ ಆದರೆ ಹಣೆಯ ಕುಂಕುಮವೆಲ್ಲ ಅದಕ್ಕೇ. ಕೈಗೆ ಕಂಕಣ ಕಟ್ಟಿದ ಮೇಲಂತೂ ಬಿಗಿ ತೋಳು ಸಿಕ್ಕಿಹಾಕಿಕೊಳ್ಳುತ್ತದೆ. ಶಲ್ಯದ ತುದಿ ಮುಂದೆ ಜೋತಾಡಬಾರದು. ಬಗ್ಗಿ ತುಪ್ಪ ಹಾಕುವಾಗ ಮೊದಲು ಬೆಂಕಿಗೆ ಹೋಗುವುದು ಅದೇ. ಎಡಭುಜದಿಂದ ತಂದು ಸೊಂಟಕ್ಕೆ ಬಿಗಿದು ಸಿಕ್ಕಿಸಿ.

ಪಂಚೆಯ ಮೇಲಿನ ಶರ್ಟ್ ಹೊರಗೇ ಬಿಡಬೇಕು, ಹಾಗಾಗಿ ಅದರ ಕೆಳಗಿನ ಅಂಚು ನೋಡಿ ಆರಿಸಿ. ಪ್ಯಾಂಟಿನೊಳಗೆ ಹಾಕುವ ಶರ್ಟಿಗೆ ಪಕ್ಕದಲ್ಲಿ ಬಾಗು ಇರುತ್ತದೆ. ಕೈ ಎತ್ತಿದ ಕೂಡಲೇ ಅಲ್ಲಿಂದ ಸುರುಳಿ, ಲಾಡಿ ಎಲ್ಲ ಕಾಣುತ್ತದೆ. ತೋರಣ ಕಟ್ಟುವವನಿಗೆ ಇದು ಫಜೀತಿ. ನೇರ ಅಂಚಿನದು, ಸುರುಳಿಗಿಂತ ಒಂದು ಗೇಣು ಕೆಳಗೆ ಬರುವಂಥದು ಇರಲಿ.

ಪೂರ್ಣಾಹುತಿ ಆದ ಮೇಲೆ, ನೆಂಟರು ಬಂದು ಸೇರುವ ಹೊತ್ತಿಗೆ ರೇಷ್ಮೆ ಜುಬ್ಬಾ ಹಾಕಿ. ಜುಬ್ಬಾ ತೊಡೆಯ ನಡುವಿಗೆ ನಿಂತರೆ ಪಂಚೆಯೂ ಕಾಣುತ್ತದೆ, ಜುಬ್ಬಾವೂ ಕಾಣುತ್ತದೆ. ಮಂಡಿ ದಾಟಿದ್ದು ಪೈಜಾಮಕ್ಕೆ ಹೊಲಿದದ್ದು. ಅದನ್ನು ಪಂಚೆಯ ಮೇಲೆ ಹಾಕಿದರೆ ಆಳು ಕುಳ್ಳಗೆ ಕಾಣುತ್ತಾನೆ. ತಂಗಿ ಮಗನದು ಮಂಡಿಗಿಂತ ಕೆಳಗಿತ್ತು. ಬೀದಿ ಕೊನೆಯ ಟೈಲರ್ ಹತ್ತಿರ ಆರು ಇಂಚು ಒಳಗೆ ಮಡಚಿ ಕೈಹೊಲಿಗೆ ಹಾಕಿಸಿದೆವು, ಕತ್ತರಿಸಲಿಲ್ಲ. ಒಳಗೆ ತೋಳಿರುವ ಬನಿಯನ್ ಹಾಕಿದರೆ ಕಂಕುಳಿನ ಬೆವರು ರೇಷ್ಮೆಗೆ ತಾಗುವುದಿಲ್ಲ. ಸೆಂಟನ್ನು ಜುಬ್ಬಾದ ಮೇಲೆ ಹೊಡೆಯಬೇಡಿ, ಕಲೆ ಕೂರುತ್ತದೆ. ಬಡಿಸಲು ನಿಲ್ಲುವವರು ಪಂಚೆ ಎತ್ತಿ ಕಟ್ಟಿಕೊಳ್ಳಿ, ಸಾರಿನ ಬಕೆಟ್ ಹಿಡಿದು ಉದ್ದ ಪಂಚೆ ತುಳಿಯುವುದು ಬೇಡ. ಹಿರಿಯರು ಎದುರಾದರೆ ಇಳಿಸಿ ಮಾತಾಡಿಸಿ, ಅಷ್ಟೆ.

ರಾತ್ರಿ ಎಷ್ಟೇ ಸುಸ್ತಾದರೂ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ. ಕುಂಕುಮ ಬಿದ್ದಿದ್ದರೆ ಒಣಗಿದ್ದಾಗಲೇ ಕೊಡವಿ, ಒದ್ದೆ ಕೈಯಲ್ಲಿ ಉಜ್ಜಿದರೆ ಬಣ್ಣ ಇಳಿದುಬಿಡುತ್ತದೆ. ತುಪ್ಪದ ಕಲೆಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಕೊಡವಿ. ಹತ್ತಿಗೂ ರೇಷ್ಮೆಗೂ ಇದು ನಡೆಯುತ್ತದೆ. ಹತ್ತಿ ಪಂಚೆಯ ಅರಿಸಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಗಾಗುತ್ತದೆ, ಹೆದರಬೇಡಿ. ಸೋಪಿನ ಕ್ಷಾರಕ್ಕೆ ಅರಿಸಿನ ತಿರುಗುವ ಬಣ್ಣ ಅದು. ಚೆನ್ನಾಗಿ ಜಾಲಿಸಿ, ಒದ್ದೆ ಇರುವಾಗಲೇ ಕಲೆಯ ಭಾಗಕ್ಕೆ ಬಿಸಿಲು ತಾಗುವಂತೆ ಹರವಿ. ಒಂದೆರಡು ಬಿಸಿಲಿಗೆ ಮಾಸುತ್ತದೆ. ಬ್ಲೀಚ್ ಮಾತ್ರ ಹಾಕಬೇಡಿ, ಜರಿ ಕಪ್ಪಾಗುತ್ತದೆ. ರೇಷ್ಮೆ ಜುಬ್ಬಾಕ್ಕಂತೂ ಬ್ಲೀಚೂ ಬೇಡ, ಬಿಸಿಲೂ ಬೇಡ. ಒಂದು ದಿನ ನೆರಳಲ್ಲಿ ತೂಗುಹಾಕಿ ಬೆವರು ಆರಿಸಿ, ಆಮೇಲೆ ಡ್ರೈಕ್ಲೀನ್‌ಗೆ ಕೊಡಿ. ವಾಪಸ್ ಬಂದದ್ದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಜಾಗದಲ್ಲಿ ಮಡಚಿ, ಇಲ್ಲದಿದ್ದರೆ ಮಡಿಕೆ ಬಿದ್ದ ಕಡೆಯೇ ಜರಿಯೂ ರೇಷ್ಮೆಯೂ ಸೀಳುತ್ತವೆ.