ಸುಮ್ನೆ ಪೇಮೆಂಟ್ ನಿಲ್ಲಿಸದೆ, ಲಾಯರ್ ಹಿಡಿಯದೆ ವೆಂಡರ್ ಜೊತೆ ಲೆಕ್ಕ ತೀರಿಸಿದ್ದು

ಪೀಣ್ಯದ ನಮ್ಮ ಫ್ಯಾಕ್ಟರಿಗೆ ಲೆಕ್ಕ, ಸ್ಟಾಕ್, ಬಿಲ್ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್ ಹಾಕಿಸೋಕೆ ಸುಮಾರು 28 ಲಕ್ಷಕ್ಕೆ ಒಪ್ಪಂದ ಆಗಿತ್ತು, ಜಿಎಸ್‌ಟಿ ಬೇರೆ. ಜೂನ್ ಕೊನೆಗೆ ಮುಗಿಯಬೇಕಿದ್ದ ಯೂಸರ್ ಟೆಸ್ಟಿಂಗ್ ಅಕ್ಟೋಬರ್‌ವರೆಗೆ ಎಳೆಯಿತು. ಅದು ಸಾಲದು ಅಂತ ಏಳು ಚೇಂಜ್ ರಿಕ್ವೆಸ್ಟ್‌ಗೆ ಇನ್ನೊಂದು ಆರೂವರೆ ಲಕ್ಷ ಆಗುತ್ತೆ ಎಂದು ವೆಂಡರ್ ಕಡೆಯ ಪ್ರಾಜೆಕ್ಟ್ ಲೀಡ್ ಮೇಲ್ ಹಾಕಿದರು. ನಮ್ಮ ಎಂಡಿ ಲೀಗಲ್ ನೋಟಿಸ್ ಕಳಿಸಿ ಅಂದರು. ಪರ್ಚೇಸ್‌ನವರು, ಸುಮ್ನೆ ಪೇಮೆಂಟ್ ನಿಲ್ಲಿಸಿ, ತಾವಾಗೇ ಓಡಿ ಬರ್ತಾರೆ ಅಂದರು. ನಾನು ಲೀಡ್‌ಗೆ ಒಂದು ಪತ್ರ ಬರೀತೀನಿ ಅಂದಾಗ ಇಬ್ಬರೂ ನಕ್ಕರು.

ಸುಮ್ನೆ ಪೇಮೆಂಟ್ ನಿಲ್ಲಿಸೋದು ಎಷ್ಟು ದುಬಾರಿ ಅಂತ ಹಿಂದಿನ ಒಂದು ಪ್ರಾಜೆಕ್ಟ್‌ನಲ್ಲಿ ಕಂಪನಿ ನೋಡಿತ್ತು. ವೆಂಡರ್ ಉದ್ಯಮ್ ನೋಂದಣಿ ಇರುವ ಸಣ್ಣ ಸಂಸ್ಥೆ ಆಗಿದ್ದರೆ, ಕೆಲಸ ಕೊಟ್ಟ 15 ದಿನದೊಳಗೆ ನಾವು ಬರಹದಲ್ಲಿ ಆಕ್ಷೇಪ ಹೇಳಬೇಕು. ಹೇಳದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ಆಮೇಲೆ ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನ ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಜೊತೆಗೆ ಆದಾಯ ತೆರಿಗೆ ನಿಯಮದ ಪ್ರಕಾರ ಆ ಖರ್ಚು ಹಣ ಕೊಟ್ಟ ವರ್ಷಕ್ಕೆ ಹೋಗುತ್ತೆ, ಈ ವರ್ಷದ ಟ್ಯಾಕ್ಸ್ ಜಾಸ್ತಿ ಆಗುತ್ತೆ. ಹಿಂದಿನ ಸಲ ಫೋನ್‌ನಲ್ಲಿ ಜಗಳ ಆಡಿದ್ದೇ ಆಡಿದ್ದು, ಒಂದು ಸಾಲೂ ಬರಹದಲ್ಲಿ ಇರಲಿಲ್ಲ. ಕೊನೆಗೆ ನಮ್ಮ ಕಂಪನಿಯೇ ಬಡ್ಡಿ ಸಮೇತ ಕೊಟ್ಟಿತು.

ಅದಕ್ಕೇ ಈ ಸಲ ಟೆಸ್ಟಿಂಗ್‌ಗೆ ಅಂತ ಅವರು ಬಿಲ್ಡ್ ಕೊಟ್ಟ ವಾರದಲ್ಲೇ ಪತ್ರ ಹೋಯಿತು. ಮೊದಲ ಪ್ಯಾರಾದಲ್ಲೇ ಇದಿತ್ತು: 'ತಡವಾಗಿ ಬಂದ ಈ ಕೆಲಸವನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತಿದ್ದೇವೆ. ತಡಕ್ಕೆ ಪರಿಹಾರ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.' ಕಾಂಟ್ರ್ಯಾಕ್ಟ್ ಕಾಯ್ದೆಯ 55ನೇ ಸೆಕ್ಷನ್‌ಗೆ ಈ ಸಾಲು ಬೇಕು. ತಡವಾದ ಕೆಲಸ ಒಪ್ಪಿಕೊಳ್ಳುವಾಗ ಏನೂ ಹೇಳದೆ ಇದ್ದು, ಆಮೇಲೆ ನಷ್ಟ ಕೊಡಿ ಅಂದರೆ ಕಷ್ಟ.

ತಡದ ಲೆಕ್ಕಕ್ಕೆ ಒಂದು ಟೇಬಲ್ ಹಾಕಿದೆ. ಒಟ್ಟು ಹದಿನಾಲ್ಕು ವಾರದ ತಡ. ಅದರಲ್ಲಿ ಐದು ವಾರ ನಮ್ಮ ಸ್ಟೋರ್ಸ್‌ನಿಂದ ಐಟಂ ಮಾಸ್ಟರ್ ಅನ್ನೋ ವಸ್ತುಗಳ ಪಟ್ಟಿ ಬಾರದೆ ಅವರು ಕಾಯ್ದಿದ್ದು. ಅದನ್ನು ನಮ್ಮ ಹೆಸರಿಗೇ ಬರೆದೆ. ಎಂಡಿಗೆ ಸಿಟ್ಟು ಬಂತು, ನಮ್ಮ ತಪ್ಪು ನಾವೇ ಯಾಕೆ ಹೇಳಬೇಕು ಅಂತ. ಆದರೆ ಲೀಡ್ ಹತ್ತಿರ ಆ ಮೇಲ್‌ಗಳೆಲ್ಲ ಇದ್ದವು, ಅವರ ಮೊದಲ ಉತ್ತರ ಅದೇ ಆಗಿರುತ್ತಿತ್ತು. ಉಳಿದ ಒಂಬತ್ತು ವಾರಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ತಮಾಷೆ ಏನಂದ್ರೆ ತಡದ ದಂಡದಲ್ಲಿ ದೊಡ್ಡ ದುಡ್ಡಿಲ್ಲ. ಆ ಟೆಸ್ಟಿಂಗ್ ಹಂತದ ಕಂತು ಸುಮಾರು 8.4 ಲಕ್ಷದ್ದು. ವಾರಕ್ಕೆ ಅರ್ಧ ಪರ್ಸೆಂಟ್ ಅಂದರೆ ಒಂಬತ್ತು ವಾರಕ್ಕೆ 38 ಸಾವಿರದ ಹತ್ತಿರ ಅಷ್ಟೇ. ನಿಜವಾದ ದುಡ್ಡು ಇದ್ದಿದ್ದು ಆ ಆರೂವರೆ ಲಕ್ಷದಲ್ಲಿ. ಏಳನ್ನೂ ಮೂರು ಗುಂಪು ಮಾಡಿದೆ. ಮೂರು ಐಟಂ ಮೂಲ ಸ್ಕೋಪ್‌ನಲ್ಲೇ ಇದ್ದವು, ಸುಮಾರು ಮೂರು ಲಕ್ಷ. ಅದರಲ್ಲಿ ದೊಡ್ಡದು ಇ-ಇನ್‌ವಾಯ್ಸ್. ಸ್ಕೋಪ್‌ನಲ್ಲಿ ಆ ಪದ ಇಲ್ಲ, ಹಾಗಾಗಿ ಇದು ಹೊಸ ಕೆಲಸ ಎಂದು ಅವರ ವಾದ. 'ಜಿಎಸ್‌ಟಿ ನಿಯಮಕ್ಕೆ ಸರಿಯಾದ ಇನ್‌ವಾಯ್ಸ್' ಅಂತ ಬರೆದಿತ್ತಲ್ಲ, 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದವರು ಇ-ಇನ್‌ವಾಯ್ಸ್ ಪೋರ್ಟಲ್ ಕೊಡುವ ಐಆರ್‌ಎನ್ ನಂಬರ್ ಇಲ್ಲದೆ ಬೇರೆ ಕಂಪನಿಗಳಿಗೆ ಬಿಲ್ ಕೊಟ್ಟರೆ ಅದು ಇನ್‌ವಾಯ್ಸೇ ಅಲ್ಲ ಎಂದು ಬರೆದೆ. ಇನ್ನು ಮೂರು, ನಮ್ಮ ಸೇಲ್ಸ್ ಹೆಡ್ ಫೋನ್‌ನಲ್ಲಿ ಕೇಳಿದ್ದು. ಡ್ಯಾಶ್‌ಬೋರ್ಡ್, ಮೊಬೈಲ್ ಅಪ್ರೂವಲ್ ತರದವು. ಇಬ್ಬರ ಸಹಿ ಇಲ್ಲದ ಚೇಂಜ್‌ಗೆ ಬಿಲ್ ಇಲ್ಲ ಅನ್ನೋದು ಒಪ್ಪಂದದಲ್ಲೇ ಇತ್ತು. ಕೊನೆಯದು ನಿಜಕ್ಕೂ ಹೊಸದು, ಸುಮಾರು ಒಂದು ಲಕ್ಷ. ಅದಕ್ಕೆ ಪತ್ರದ ಜೊತೆಗೇ ಸಹಿ ಮಾಡಿದ ಒಪ್ಪಿಗೆ ಕಳಿಸಿದೆ. ಏನನ್ನೂ ಒಪ್ಪದ ಪತ್ರವನ್ನು ಲೀಡ್ ತನ್ನ ಬಾಸ್‌ಗೆ ತೋರಿಸಲ್ಲ, ಡ್ರಾಯರ್‌ಗೆ ಹಾಕ್ತಾರೆ.

ಮಧ್ಯದಲ್ಲಿ ವಾರದ ರಿಪೋರ್ಟ್‌ಗೆ ಹಸಿರು, ಹಳದಿ, ಕೆಂಪು ಬಣ್ಣ ಹಾಕಿ ನೋಡಿದ್ದೆ. ಎಲ್ಲವೂ ತಿಂಗಳುಗಟ್ಟಲೆ ಹಳದಿ. ಬಣ್ಣ ತೆಗೆದು 'ಈಗ ಯಾರ ಕೈಯಲ್ಲಿದೆ' ಅನ್ನೋ ಒಂದು ಕಾಲಂ ಇಟ್ಟ ಮೇಲೆ ಕೆಲಸ ಮುಂದೆ ಸರಿಯಿತು. ದಂಡಕ್ಕೆ ನೇರವಾಗಿ ಡೆಬಿಟ್ ನೋಟ್ ಹಾಕೋಣ ಅಂತ ನಮ್ಮ ಅಕೌಂಟ್ಸ್ ಹುಡುಗ ಹೊರಟಿದ್ದ. ನಾನು ಬೇಡ ಅಂದೆ. ಆ 38 ಸಾವಿರವನ್ನು ಬೇರೆ ರೀತಿ ಬಳಸಿಕೊಂಡೆ, ಅದು ಹೇಗೆ ಅಂತ ಇಲ್ಲಿ ಬರೆಯಲ್ಲ, ಇನ್ನೂ ಎರಡು ವೆಂಡರ್ ಬಾಕಿ ಇದ್ದಾರೆ.

ಹತ್ತು ದಿನದ ಆಸುಪಾಸಿನಲ್ಲಿ ಉತ್ತರ ಬಂತು. ಮೂರು ಲಕ್ಷದ ಗುಂಪನ್ನು ಪೂರ್ತಿ ಕೈಬಿಟ್ಟರು. ಸೇಲ್ಸ್ ಹೆಡ್ ಕೇಳಿದ್ದರಲ್ಲಿ ಮೊಬೈಲ್ ಅಪ್ರೂವಲ್ ಮಾತ್ರ ಮಾಡಿಕೊಟ್ಟರು, ಅರವತ್ತು ಸಾವಿರ ಚಿಲ್ಲರೆಗೆ. ಇನ್ನೆರಡು ಎರಡನೇ ಹಂತಕ್ಕೆ ಹೋದವು. ಜನವರಿಯಲ್ಲಿ ಗೋ-ಲೈವ್ ಆಯಿತು. ಕೊನೆಯ 10 ಪರ್ಸೆಂಟ್ ಇನ್ನೂ ನನ್ನ ಹತ್ತಿರವೇ ಇದೆ, ಸ್ಟಾಕ್ ವ್ಯಾಲ್ಯುಯೇಶನ್ ರಿಪೋರ್ಟ್ ಟ್ರಯಲ್ ಬ್ಯಾಲೆನ್ಸ್‌ಗೆ ತಾಳೆ ಆಗುತ್ತಿಲ್ಲ. ಅದಕ್ಕೂ 15 ದಿನದೊಳಗೆ ಪತ್ರ ಹೋಗಿದೆ.