ಚೌಕ ಹಾಕಿ ಭತ್ತ ಅಳೆದ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಅಕ್ಕಪಕ್ಕದ ಕೆಲವು ಊರುಗಳಲ್ಲಿ ಒಟ್ಟು ಎಷ್ಟು ಭತ್ತ ಬಂತು ಎಂಬ ಲೆಕ್ಕ ನನಗೆ ಬೇಕಿತ್ತು. ಪಹಣಿಯಲ್ಲಿ ಭತ್ತ ಅಂತ ಇರುವ ಎಷ್ಟೋ ಗದ್ದೆಗಳಲ್ಲಿ ಈಗ ಅಡಿಕೆ ಸಸಿ ನಿಂತಿದೆ. ಹಾಗಾಗಿ ಕಾಗದ ಬಿಟ್ಟು ನೆಲವನ್ನೇ ನಂಬಿದೆ. 1930ರ ದಶಕದ ಕೊನೆಗೆ ಬಂಗಾಳದ ಸೆಣಬಿನ ಸಮೀಕ್ಷೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಹಿಡಿದದ್ದೂ ಇದೇ ದಾರಿ: ನಕ್ಷೆಯ ಮೇಲೆ ಚೌಕ ಎಳೆ, ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸು, ಅಲ್ಲಿ ಅಳೆದದ್ದನ್ನು ಇಡೀ ಪ್ರದೇಶಕ್ಕೆ ಹಿಗ್ಗಿಸು.

500 ಮೀಟರ್ ಬದಿಯ ಚೌಕಗಳನ್ನು ಎಳೆದಾಗ ಒಟ್ಟು 160 ಬಂದವು. ಒಂದೊಂದೂ 25 ಹೆಕ್ಟೇರ್. ಅವಕ್ಕೆ ನಂಬರು ಹಾಕಿ, ಕಂಪ್ಯೂಟರಿನಿಂದ ಯಾದೃಚ್ಛಿಕವಾಗಿ 16 ಆರಿಸಿದೆ. ಐದರಲ್ಲಿ ಬರೀ ಕಾಡು, ತೋಟ. ಒಂದು ತೆನೆಯೂ ಇಲ್ಲ. ಜೊತೆಗಿದ್ದ ಹುಡುಗರು "ಇವನ್ನು ಬಿಟ್ಟು ಬೇರೆ ತಗೊಳ್ಳೋಣ ಸಾರ್" ಅಂದರು. ಬಿಡಕೂಡದು. ನಮಗೆ ಸಿಕ್ಕ ಭತ್ತದ ನೆಲ 48 ಹೆಕ್ಟೇರ್. ಅದನ್ನು 16ರಿಂದ ಭಾಗಿಸಿದರೆ ಚೌಕಕ್ಕೆ 3, ಇಡೀ ಪ್ರದೇಶಕ್ಕೆ 480 ಹೆಕ್ಟೇರ್. ಖಾಲಿ ಚೌಕ ಬಿಟ್ಟು 11ರಿಂದ ಭಾಗಿಸಿದ್ದರೆ ಸುಮಾರು 700 ಆಗುತ್ತಿತ್ತು. ಕಾಡಿನಲ್ಲೂ ಭತ್ತ ಬೆಳೆದಂತಾಗುತ್ತಿತ್ತು! ಮಲೆನಾಡಿನಲ್ಲಿ ಸೊನ್ನೆಯೂ ಒಂದು ಅಳತೆಯೇ.

ಇಳುವರಿಗೆ ಬೆಳೆ ಕಟಾವು ಪ್ರಯೋಗದ ಕ್ರಮವನ್ನೇ ಅನುಸರಿಸಿದೆ. ಚೌಕದೊಳಗೆ ಯಾದೃಚ್ಛಿಕ ಬಿಂದು ಎಲ್ಲಿ ಬೀಳುತ್ತದೋ ಆ ಗದ್ದೆಯಲ್ಲಿ 5 ಮೀಟರ್‌ಗೆ 5 ಮೀಟರ್ ಗೂಟ ನೆಟ್ಟು ಹಗ್ಗ ಕಟ್ಟುವುದು. ಬಿಂದು ಗದ್ದೆಯಾಚೆ ಬಿದ್ದರೆ ಮತ್ತೊಂದು ಬಿಂದು. ಗದ್ದೆಯೊಳಗೇ ಬಿದ್ದ ಮೇಲೆ ಮಾತ್ರ ಜಾಗ ಬದಲಿಸುವಂತಿಲ್ಲ. ಅಡಿಕೆ ಮರದ ನೆರಳಿನಲ್ಲಿ ಪೈರು ಸೊರಗಿದ್ದ ಕಡೆ ಹಗ್ಗ ಕಟ್ಟಿದಾಗ ಗದ್ದೆಯ ಯಜಮಾನರು "ಇಲ್ಲಿ ಬೇಡ ಮಾರಾಯ್ರೆ, ಆಚೆ ಕೊಯ್ಯಿ, ಅಲ್ಲಿ ಚಂದ ಬಂದಿದೆ" ಅಂದರು. ನೆರಳಿನ ಗದ್ದೆಯೂ ಆ ಊರಿನ ಬೆಳೆಯೇ ಅಲ್ಲವೇ? ಅಲ್ಲೇ ಕೊಯ್ದೆವು.

ಹಗ್ಗದ ಕೆಳಗಿನ ಬುಡಗಳದ್ದು ದೊಡ್ಡ ವಿಷಯ. ಪೈರು ಬಾಗಿರುತ್ತದೆ, ತೆನೆ ಒಳಗೆ, ಬುಡ ಹೊರಗೆ. ಕೊಯ್ಯುವವರು ಸಹಜವಾಗಿ ಒಳಕ್ಕೆ ಎಳೆದುಕೊಳ್ಳುತ್ತಾರೆ. ಸುತ್ತ ಹತ್ತೇ ಸೆಂಟಿಮೀಟರ್ ಹೆಚ್ಚಾದರೂ 25 ಚದರ ಮೀಟರ್ 27 ಆಗುತ್ತದೆ, ಅಂದರೆ ಶೇ 8 ಜಾಸ್ತಿ. ಎರಡು ಮೀಟರಿನ ಚೌಕವಾಗಿದ್ದರೆ ಅದೇ ತಪ್ಪು ಶೇ 21. ಅದಕ್ಕೇ ಕೆಲಸ ಹೆಚ್ಚಾದರೂ ಸಣ್ಣ ಚೌಕದ ಗೋಜಿಗೆ ನಾನು ಹೋಗುವುದಿಲ್ಲ. ಮೊದಲು ನಾನೇ ನಾಲ್ಕು ಬದಿಯ ಬುಡಗಳನ್ನು ನೋಡಿ, ಹೊರಗಿನವನ್ನು ಆಚೆ ಸರಿಸಿದ ಮೇಲೆಯೇ ಕತ್ತಿ ಹಾಕಲು ಬಿಡುತ್ತಿದ್ದೆ.

ಅಲ್ಲೇ ಟಾರ್ಪಾಲಿನ ಮೇಲೆ ಬಡಿದು, ಜೊಳ್ಳು ತೂರಿ, ಕಾಳು ತೂಗಿದೆವು. ಅದರಲ್ಲಿ ಒಂದು ಕಿಲೋ ತೆಗೆದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆವು. ನಮ್ಮ ಹವೆಯಲ್ಲಿ ಹಸಿ ತೂಕ ನಂಬಿದರೆ ನೀರನ್ನೂ ಭತ್ತ ಅಂತ ಎಣಿಸಿದ ಹಾಗೆ. ಆ ಕಿಲೋ ಎಷ್ಟು ಇಳಿಯಿತೋ ಅದೇ ಪ್ರಮಾಣದಲ್ಲಿ ಇಡೀ ಕಾಳಿನ ಒಣ ತೂಕ ಲೆಕ್ಕ ಹಾಕಿ, ಅದನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ.

11 ಚೌಕಗಳ ಸರಾಸರಿಗಳನ್ನು ಸುಮ್ಮನೆ ಕೂಡಿ ಭಾಗಿಸಿದರೆ ಹೆಕ್ಟೇರಿಗೆ 3.7 ಟನ್. ಆದರೆ ಕಾಡಂಚಿನ ಎತ್ತರದ ಮಕ್ಕಿ ಗದ್ದೆಯ ಚೌಕದಲ್ಲಿ ಅರ್ಧ ಹೆಕ್ಟೇರ್ ಭತ್ತ, ಹಳ್ಳದ ಬದಿಯ ಬಯಲಿನ ಚೌಕದಲ್ಲಿ 9 ಹೆಕ್ಟೇರ್. ಇಳುವರಿಯೂ ಬಯಲಿನಲ್ಲೇ ಹೆಚ್ಚು. ಎರಡನ್ನೂ ಸಮವಾಗಿ ಎಣಿಸುವುದು ಸರಿಯಲ್ಲ. ಪ್ರತಿ ಚೌಕದ ಇಳುವರಿಯನ್ನು ಅದರ ಭತ್ತದ ವಿಸ್ತೀರ್ಣದಿಂದ ಗುಣಿಸಿ ಕೂಡಿದಾಗ 194.4 ಟನ್ ಬಂತು, ಅಂದರೆ ಹೆಕ್ಟೇರಿಗೆ 4.05. 160ಕ್ಕೆ ಹಿಗ್ಗಿಸಲು ಹತ್ತರಿಂದ ಗುಣಿಸಿದರೆ 1944 ಟನ್.

ಈ ಅಂಕಿಯನ್ನು ಹಾಗೇ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಆ 9 ಹೆಕ್ಟೇರಿನ ಚೌಕವೊಂದರಿಂದಲೇ 39.6 ಟನ್ ಬಂದಿತ್ತು. ಅದರ ಬದಲು ಕಾಡಿನ ಚೌಕ ಆಯ್ಕೆಯಾಗಿದ್ದರೆ ಉತ್ತರ 1548ಕ್ಕೆ ಇಳಿಯುತ್ತಿತ್ತು. ಬೇರೆ ಚೌಕಗಳು ಬಂದಿದ್ದರೆ ಉತ್ತರ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತಿತ್ತು ಎಂದು ತೋರಿಸುವ ಪ್ರಮಾಣ ದೋಷವನ್ನು ಲೆಕ್ಕ ಹಾಕಿದಾಗ ಸುಮಾರು 420 ಟನ್ ಸಿಕ್ಕಿತು. ಇಷ್ಟು ಅಗಲದ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ.

ದೋಷ ಬಹುಪಾಲು ಹುಟ್ಟುವುದು ಇಳುವರಿಯಿಂದಲ್ಲ, ಚೌಕದಿಂದ ಚೌಕಕ್ಕೆ ಏರಿಳಿಯುವ ಗದ್ದೆಯ ವಿಸ್ತೀರ್ಣದಿಂದ. ಆದ್ದರಿಂದ ಉಪಗ್ರಹ ಚಿತ್ರದ ಮೇಲೆ 160 ಚೌಕಗಳಲ್ಲೂ ಗದ್ದೆಯಂತೆ ಕಂಡದ್ದನ್ನೆಲ್ಲ ಗುರುತಿಸಿದೆ: ಒಟ್ಟು 520 ಹೆಕ್ಟೇರ್. ನಾವು ನಡೆದ 16 ಚೌಕಗಳಲ್ಲಿ ಚಿತ್ರದ ಪ್ರಕಾರ 54, ನೆಲದ ಮೇಲೆ 48. ಎಳೆ ಅಡಿಕೆ ತೋಟ ಮೇಲಿನಿಂದ ಗದ್ದೆಯ ಹಾಗೇ ಕಾಣುತ್ತದೆ, ಹೆಚ್ಚುವರಿ ಆರು ಹೆಕ್ಟೇರ್ ಅದರದ್ದೇ. ಚಿತ್ರದ ಪ್ರತಿ ಹೆಕ್ಟೇರಿಗೆ ನಿಜವಾಗಿ ಸಿಕ್ಕದ್ದು 194.4 ಭಾಗಿಸು 54, ಅಂದರೆ 3.6 ಟನ್. 520ಕ್ಕೆ 1872 ಟನ್. ಮೊದಲಿನ ಅಂಕಿಗೆ ಹತ್ತಿರವೇ, ಆದರೆ ದೋಷ ಸುಮಾರು 120 ಟನ್ನಿಗೆ ಇಳಿಯಿತು. ಒಂದೇ ಒಂದು ಗದ್ದೆಯನ್ನೂ ಹೆಚ್ಚುವರಿಯಾಗಿ ಕೊಯ್ಯಬೇಕಾಗಲಿಲ್ಲ.

ಚಿತ್ರ ಮಾತ್ರ ಅದೇ ಮಳೆಗಾಲದ ಬೆಳೆಯದ್ದೇ ಆಗಿರಬೇಕು. ಎರಡು ವರ್ಷ ಹಳೆಯದಾದರೆ ಅಷ್ಟರಲ್ಲಿ ಒಂದು ಊರು ಹೆಚ್ಚು, ಇನ್ನೊಂದು ಊರು ಕಡಿಮೆ ತೋಟ ಮಾಡಿರುತ್ತದೆ. ಆಗ ಈ ಅನುಪಾತ ಚೌಕದಿಂದ ಚೌಕಕ್ಕೆ ಜಿಗಿದಾಡಿ ದೋಷ ಮತ್ತೆ ಏರುತ್ತದೆ.