ಪುಟ ತಿರುವಿದರೂ ಗೌರಿಯ ಲಂಗ ಬದಲಾಗದಿರಲಿ

ನಿಮ್ಮ ಕತೆಯ ಪುಟ್ಟ ಹುಡುಗಿ ಗೌರಿ ಜಾತ್ರೆಗೆ ಹೊರಟಿದ್ದಾಳೆ ಅಂದುಕೊಳ್ಳಿ. ಎಐ ಟೂಲ್‌ನಲ್ಲಿ ಚಿತ್ರ ಮಾಡಿಸುತ್ತಿದ್ದೀರಿ. ಮೊದಲ ಪುಟದಲ್ಲಿ ನೀಲಿ ಲಂಗಕ್ಕೆ ಕೆಂಪು ಅಂಚು. ಮೂರನೇ ಪುಟದಲ್ಲಿ ಅಂಚು ಚಿನ್ನದ ಬಣ್ಣಕ್ಕೆ ತಿರುಗಿದೆ, ಹೆಗಲ ಮೇಲೆ ದುಪಟ್ಟಾ ಬಂದಿದೆ. ಕತೆ ಕೇಳುವ ಮಕ್ಕಳು ಇದನ್ನು ತಕ್ಷಣ ಹಿಡಿಯುತ್ತಾರೆ.

ಹಳೆಯ ಚಿತ್ರವನ್ನು ಜೊತೆಗೆ ಕೊಡದಿದ್ದರೆ, ಟೂಲ್‌ಗೆ ಗೊತ್ತಿರುವುದು ನೀವು ಬರೆದ ಮಾತು ಮಾತ್ರ. ಬರೆಯದೆ ಬಿಟ್ಟಿದ್ದನ್ನು ಪ್ರತಿ ಸಲವೂ ಹೊಸದಾಗಿ ಊಹಿಸಿ ತುಂಬುತ್ತದೆ.

ಹಾಗಾಗಿ ಮೊದಲು ಉಡುಪನ್ನೇ ಸರಳ ಮಾಡಿ. ಸಣ್ಣ ಹೂವು, ಚೌಕಳಿ, ಕಸೂತಿ, ಸಾಲು ಗುಂಡಿ ಬೇಡ. ಅವು ಚಿತ್ರದಿಂದ ಚಿತ್ರಕ್ಕೆ ಬದಲಾಗುವುದು ಜಾಸ್ತಿ. ದೊಡ್ಡ ಆಕಾರ, ಒಂದೇ ಬಣ್ಣ ಚೆನ್ನಾಗಿ ನಿಲ್ಲುತ್ತವೆ.

ಎರಡನೆಯದು, ಉಡುಪಿನ ವಿವರಣೆ. ‘ಲಂಗ ರವಿಕೆ’ ಎಂದಷ್ಟೇ ಬರೆದರೆ ಅನೇಕ ಟೂಲ್‌ಗಳು ಮದುವೆಮನೆಯ ಲೆಹೆಂಗಾ ಬಿಡಿಸಿಬಿಡುತ್ತವೆ. ಹೆಸರಿನ ಜೊತೆ ಆಕಾರವನ್ನೂ ಹೇಳಿ: ‘ಕಣಕಾಲಿನವರೆಗೆ ಬರುವ ಅಚ್ಚ ನೀಲಿ ಹತ್ತಿ ಲಂಗ, ಕೆಳಗೆ ಒಂದೇ ಅಗಲವಾದ ಕೆಂಪು ಅಂಚು. ಮೊಣಕೈವರೆಗೆ ತೋಳಿರುವ, ವಿನ್ಯಾಸವಿಲ್ಲದ ಹಳದಿ ರವಿಕೆ. ಎರಡು ಜಡೆ, ಕೆಂಪು ಟೇಪು. ಬರಿಗಾಲು.’ ಇದನ್ನು ಒಂದು ಕಡೆ ಉಳಿಸಿಕೊಂಡು ಪ್ರತಿ ಪುಟಕ್ಕೂ ಹಾಗೇ ಕಾಪಿ ಮಾಡಿ. ಒಮ್ಮೆ ‘ನೀಲಿ’, ಇನ್ನೊಮ್ಮೆ ‘ಕಡುನೀಲಿ’ ಅಂದರೆ ಬಣ್ಣವೂ ಬೇರೆಯಾಗುತ್ತದೆ. ‘ದುಪಟ್ಟಾ ಬೇಡ’ ಎಂದು ಬರೆದರೆ ಕೆಲವು ಟೂಲ್‌ಗಳು ಆ ಪದವನ್ನೇ ಹಿಡಿದು ದುಪಟ್ಟಾ ಹಾಕುತ್ತವೆ. ಏನಿರಬೇಕೋ ಅದನ್ನಷ್ಟೇ ಬರೆಯಿರಿ.

ಈಗ ಮಾದರಿ ಚಿತ್ರ. ಬಿಳಿ ಹಿನ್ನೆಲೆ, ಸಮ ಬೆಳಕು, ಗೌರಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಹಿಂಭಾಗ ಮರೆಯಬೇಡಿ. ಅವಳು ತೇರಿನತ್ತ ಓಡುವ ಪುಟದಲ್ಲಿ ಕಾಣುವುದು ಬೆನ್ನೇ ಅಲ್ವಾ? ಈ ಚಿತ್ರ ಮನಸ್ಸಿಗೆ ಒಪ್ಪುವವರೆಗೂ ಕತೆಯ ಪುಟಗಳಿಗೆ ಹೋಗಬೇಡಿ.

ಆಮೇಲೆ ಪ್ರತಿ ಪುಟಕ್ಕೂ ಮೂರು ಸಂಗತಿ ಕೊಡಿ: ಈ ಮಾದರಿ ಚಿತ್ರ, ಉಡುಪಿನ ವಿವರಣೆ, ಆ ಪುಟದ ದೃಶ್ಯ. ಎರಡನೇ ಪುಟದ ಚಿತ್ರ ಕೊಟ್ಟು ಮೂರನೆಯದು, ಮೂರನೆಯದು ಕೊಟ್ಟು ನಾಲ್ಕನೆಯದು ಮಾಡಿಸಬೇಡಿ. ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಸೇರಿ ಬೆಳೆಯುತ್ತವೆ. ಪ್ರತಿ ಸಲ ಮೂಲಕ್ಕೇ ಮರಳಿ. ಟೂಲ್ ಚಿತ್ರವನ್ನು ಎಲ್ಲಿಂದ ಶುರು ಮಾಡಬೇಕೆಂದು ನಿರ್ಧರಿಸುವ ಸೀಡ್ ಸಂಖ್ಯೆ ಒಂದೇ ಇಟ್ಟರೆ ಸಾಕು ಅನ್ನುವವರಿದ್ದಾರೆ. ದೃಶ್ಯದ ಮಾತು ಬದಲಾದರೆ ಚಿತ್ರವೂ ಬದಲಾಗುತ್ತದೆ, ಸೀಡ್ ಒಂದನ್ನೇ ನಂಬಿಕೊಂಡರೆ ಆಗದು.

ಎಲ್ಲ ಪುಟ ಮುಗಿದ ಮೇಲೆ ಚಿತ್ರಗಳನ್ನು ಚಿಕ್ಕದಾಗಿಸಿ ಪಕ್ಕಪಕ್ಕ ಇಡಿ. ತೋಳಿನ ಉದ್ದ, ಅಂಚು, ಟೇಪು, ಕಾಲು ಮಾತ್ರ ನೋಡುತ್ತಾ ಹೋಗಿ. ಸಂಜೆಯ ಪುಟದಲ್ಲಿ ಹಳದಿ ರವಿಕೆ ಕಿತ್ತಳೆಯಾಗಿ ಕಂಡರೆ ಅದು ಬೆಳಕಿನ ಕೆಲಸ, ಬಿಡಿ. ತೋಳು ಮಾಯವಾಗಿದ್ದರೆ ಅದು ತಪ್ಪು. ಇಡೀ ಚಿತ್ರ ಮತ್ತೆ ಮಾಡಿಸಿದರೆ ಸರಿಯಾಗಿದ್ದದ್ದೂ ಕೆಡಬಹುದು. ತೋಳಿನ ಜಾಗವನ್ನಷ್ಟೇ ಗುರುತು ಮಾಡಿ, ಅದನ್ನು ಮಾತ್ರ ತಿದ್ದಿಸಿ.